‘ನೀವು’ ತೆಗೆದರೆ ಸಾಲದು, ‘-ಏ’ ಕೂಡ ತೆಗೆಯಬೇಕು

ಪ್ರಶ್ನೆ: ಪ್ರತಿ ತಿಂಗಳು ನಮ್ಮ ವಿಭಾಗದ ವರದಿ ಮಾಡುವವಳು ನಾನು. ಅದಕ್ಕೆ ಬೇಕಾದ ಅಂಕಿಅಂಶ ಇನ್ನೊಂದು ವಿಭಾಗದ ಸಹೋದ್ಯೋಗಿಯಿಂದ ಬರಬೇಕು. ಅವರಿಗೆ ಕಳಿಸಲು ಹೀಗೆ ಬರೆದಿಟ್ಟಿದ್ದೇನೆ: “ನೀವು ಯಾವಾಗಲೂ ತಡವಾಗಿಯೇ ಕಳಿಸುತ್ತೀರಿ. ಈ ಸಲವಂತೂ ಕೊನೇ ಗಳಿಗೆಯಲ್ಲಿ, ಅದೂ ತಪ್ಪುತಪ್ಪಾಗಿ ಕಳಿಸಿಬಿಟ್ಟಿರಿ. ಒಂದು ಮಾತು ಹೇಳುವ ಸೌಜನ್ಯವೂ ನಿಮಗಿಲ್ಲ. ನಿಮ್ಮಿಂದಾಗಿ ಸಭೆಯಲ್ಲಿ ನಾನು ತಲೆ ತಗ್ಗಿಸಬೇಕಾಯಿತು. ನನ್ನ ಸಮಯಕ್ಕೆ ನಿಮ್ಮಲ್ಲಿ ಬೆಲೆಯೇ ಇಲ್ಲ. ಇನ್ನು ಮುಂದಾದರೂ ಜವಾಬ್ದಾರಿಯಿಂದ ವರ್ತಿಸಿ.” ಗೆಳತಿಗೆ ತೋರಿಸಿದೆ, ‘ಜಗಳಕ್ಕೆ ಕರೆದ ಹಾಗಿದೆ’ ಎಂದಳು. ‘ನೀವು’ಗಳನ್ನೆಲ್ಲ ಕಿತ್ತು ಬರೆದೆ, ಈಗ ಯಾರಿಗೆ ಬರೆದದ್ದು, ಏನಾಯಿತು ಎಂದು ನನಗೇ ತಿಳಿಯುತ್ತಿಲ್ಲ. ಆರೋಪ ಇರಬಾರದು, ಆದರೆ ಆದ ತೊಂದರೆ ಮರೆಯಾಗಲೂ ಬಾರದು. ಹೇಗೆ ಬರೆಯಲಿ?

ಉತ್ತರ: ನಿಮ್ಮ ಎರಡನೇ ಪ್ರಯತ್ನ ಯಾಕೆ ಕೈಕೊಟ್ಟಿತು ಎಂಬಲ್ಲಿಂದ ಶುರುಮಾಡುತ್ತೇನೆ, ಯಾಕೆಂದರೆ ಬಹುತೇಕ ಎಲ್ಲರೂ ಎಡವುವುದು ಅಲ್ಲಿ. ಆರೋಪ ‘ನೀವು’ ಎಂಬ ಪದದಲ್ಲಿ ಇಲ್ಲ. “ನೀವು 8ರ ಸಂಜೆ 6.40ಕ್ಕೆ ಶೀಟ್ ಕಳಿಸಿದಿರಿ” ಎಂಬ ವಾಕ್ಯದಲ್ಲಿ ‘ನೀವು’ ಇದೆ, ಆರೋಪವಿಲ್ಲ. “ಇದು ಶುದ್ಧ ಬೇಜವಾಬ್ದಾರಿತನ ಎಂದು ನನಗನ್ನಿಸುತ್ತದೆ” ಎಂಬಲ್ಲಿ ‘ನೀವು’ ಇಲ್ಲ, ‘ನನಗೆ’ ಇದೆ, ಆದರೂ ವಾಕ್ಯವಿಡೀ ಬೆರಳು ತೋರಿಸುತ್ತದೆ. ಅದರ ಮೇಲೆ ಕನ್ನಡದಲ್ಲಿ ‘ನೀವು’ ಇಲ್ಲದೆಯೂ ಕೆಲಸ ನಡೆಯುತ್ತದೆ. “ಯಾವಾಗಲೂ ತಡ ಮಾಡುತ್ತೀರಿ” ಎಂದರೆ ಸಾಕು, ಯಾರು ಎಂಬುದನ್ನು ಕ್ರಿಯಾಪದದ ಬಾಲ ಹೇಳುತ್ತದೆ. ಅಂದರೆ ನೀವು ಕಿತ್ತುಹಾಕಿದ್ದು ಭಾಷೆಗೆ ಅಷ್ಟೇನೂ ಬೇಡವಾದ ಒಂದು ಪದವನ್ನು. ಚುಚ್ಚುವ ಮುಳ್ಳು ಬೇರೆ ಕಡೆ ಹಾಗೇ ಉಳಿಯಿತು.

ಈ ‘ನೀವು ಬೇಡ, ನಾನು ಎನ್ನಿ’ ಎಂಬ ಸಲಹೆ ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಾರ್ಡನ್ ಅವರಿಂದ. 1960ರ ದಶಕದಲ್ಲಿ ಅವರು ತಂದೆತಾಯಂದಿರಿಗೆ ತರಬೇತಿ ಕೊಡುತ್ತಿದ್ದರು. ಅವರು ಹೇಳಿಕೊಟ್ಟ ಮಾತಿಗೆ ಮೂರು ಭಾಗಗಳಿದ್ದವು: ತೀರ್ಪು ಕೊಡದೆ ನಡೆದದ್ದನ್ನು ಹೇಳುವುದು, ಅದರಿಂದ ನನಗೆ ಕಣ್ಣಿಗೆ ಕಾಣುವಂಥ ಏನು ಪರಿಣಾಮವಾಯಿತು ಎನ್ನುವುದು, ನನಗೆ ಹೇಗನ್ನಿಸಿತು ಎನ್ನುವುದು. ಕಾಲ ಕಳೆದಂತೆ ಜನ ಮೂರನೆಯದನ್ನು ಮಾತ್ರ ನೆನಪಿಟ್ಟುಕೊಂಡರು. ಹಾಗಾಗಿ “ನೀವು ಸ್ವಾರ್ಥಿ” ಎನ್ನುವ ಬದಲು “ನೀವು ಸ್ವಾರ್ಥಿ ಎಂದು ನನಗನ್ನಿಸುತ್ತದೆ” ಎಂದು ಬರೆದು, ನಿಯಮ ಪಾಲಿಸಿದೆವು ಎಂದುಕೊಳ್ಳುತ್ತೇವೆ. ನಿಜವಾದ ಕೆಲಸ ಮೊದಲ ಎರಡು ಭಾಗಗಳಲ್ಲಿದೆ. ನಿಮ್ಮ ಕರಡಿನಲ್ಲೂ ನಾವು ಹೆಚ್ಚು ಹೊತ್ತು ಕಳೆಯಬೇಕಾದ್ದು ಅಲ್ಲಿ.

ಪ್ರತಿ ವಾಕ್ಯಕ್ಕೂ ಒಂದೇ ಪರೀಕ್ಷೆ ಮಾಡಿ. ಓದುವವರು ನಿಮ್ಮ ಮೇಲೆ ಸಿಟ್ಟಿನಲ್ಲಿದ್ದಾರೆ ಎಂದುಕೊಳ್ಳಿ. ಆ ಸಿಟ್ಟಿನಲ್ಲೂ ಅವರು ಈ ವಾಕ್ಯಕ್ಕೆ ‘ಹೌದು, ಇದು ಆದದ್ದೇ’ ಎನ್ನಬಲ್ಲರೇ? ಎನ್ನಬಲ್ಲರಾದರೆ ಅದು ಸಂಗತಿ. ‘ಯಾರು ಹೇಳಿದ್ದು?’ ಎಂದು ಕೇಳುವಂತಿದ್ದರೆ ಅದು ನಿಮ್ಮ ತೀರ್ಮಾನ. ನಿಮ್ಮ ಆರು ವಾಕ್ಯಗಳಲ್ಲಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಒಂದೂ ಇಲ್ಲ. ಗಾಬರಿ ಬೇಡ, ಸಿಟ್ಟಿನಲ್ಲಿ ಬರೆದ ಮೊದಲ ಕರಡು ಯಾರದ್ದಾದರೂ ಹಾಗೇ ಇರುತ್ತದೆ.

ಈಗ ಒಂದೊಂದಾಗಿ ನೋಡೋಣ. ನೀವು ದಿನಾಂಕ, ಗಂಟೆ ಏನನ್ನೂ ಬರೆದಿಲ್ಲ, ಅದಕ್ಕೆ ನಾನೇ ಕೆಲವು ಅಂಕಿಗಳನ್ನು ಊಹಿಸಿ ಇಟ್ಟುಕೊಳ್ಳುತ್ತೇನೆ. ನಿಮ್ಮ ಇಮೇಲ್ ತೆರೆದು ನಿಜವಾದವನ್ನು ಆ ಜಾಗದಲ್ಲಿ ಹಾಕಿ.

“ಯಾವಾಗಲೂ ತಡವಾಗಿಯೇ ಕಳಿಸುತ್ತೀರಿ.” ‘ಯಾವಾಗಲೂ’ ಎಂಬುದು ಎಣಿಸುವ ಕಷ್ಟ ತಪ್ಪಿಸಿಕೊಂಡ ಪದ. ಕಳೆದ ಆರು ತಿಂಗಳ ಇಮೇಲ್‌ಗಳನ್ನು ತೆಗೆದು, ಯಾವ ತಾರೀಖಿಗೆ ಬಂದಿವೆ ಎಂದು ಕಾಗದದ ಮೇಲೆ ಬರೆಯಿರಿ. ನೀವಿಬ್ಬರೂ ಒಪ್ಪಿಕೊಂಡ ಗಡುವು 5ನೇ ತಾರೀಖು ಎಂದುಕೊಳ್ಳೋಣ. ಸಿಕ್ಕ ಪಟ್ಟಿ ಹೀಗಿದೆ ಎನ್ನಿ: 4, 5, 5, 7, 7, 8. ಈಗ ನೋಡಿ, ‘ಯಾವಾಗಲೂ’ ಸುಳ್ಳು. ಆರರಲ್ಲಿ ಮೂರು ತಡ. ಇನ್ನೂ ಮುಖ್ಯವಾದದ್ದು, ತಡವಾದ ಮೂರೂ ಒಂದರ ಹಿಂದೊಂದು ಬಂದಿವೆ. ಮೂರು ತಿಂಗಳ ಹಿಂದೆ ಆ ಕಡೆ ಏನೋ ಬದಲಾಗಿದೆ. ಅವರ ತಂಡದಲ್ಲಿ ಒಬ್ಬರು ಕಡಿಮೆಯಾಗಿರಬಹುದು, ಅಥವಾ ಅವರಿಗೆ ಅಂಕಿ ಕೊಡುವವರ ದಿನಾಂಕ ಬದಲಾಗಿರಬಹುದು. ಏನೆಂದು ನಿಮಗೆ ಗೊತ್ತಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಈಗ ಕೈಗೆ ಸಿಕ್ಕಿದೆ. ‘ಯಾವಾಗಲೂ’ ಎಂಬ ಪದ ಆ ಪ್ರಶ್ನೆಯನ್ನು ಓದುವವರಿಂದ ಮಾತ್ರವಲ್ಲ, ಬರೆದ ನಿಮ್ಮಿಂದಲೂ ಮುಚ್ಚಿಟ್ಟಿತ್ತು. ದಿನಾಂಕ ಹುಡುಕಿ ಎಂದು ನಾನು ಹಟ ಹಿಡಿಯುವುದು ಇದಕ್ಕೆ. ಎಣಿಸಲು ಕೂತವರಲ್ಲಿ ಹಲವರು ಅರ್ಧ ದಾರಿಯಲ್ಲಿ ‘ಓ, ವಿಷಯ ಬೇರೆಯೇ ಇದೆ’ ಎನ್ನುವುದನ್ನು ನೋಡಿದ್ದೇನೆ.

“ತಪ್ಪುತಪ್ಪಾಗಿ ಕಳಿಸಿಬಿಟ್ಟಿರಿ.” ಎಷ್ಟು ತಪ್ಪು, ಎಲ್ಲಿ? ಶೀಟ್‌ನಲ್ಲಿ 42 ಸಾಲುಗಳಿದ್ದು, ಅದರಲ್ಲಿ 17 ಮತ್ತು 18ನೇ ಸಾಲಿನಲ್ಲಿ ಹೋದ ತಿಂಗಳ ಅಂಕಿಗಳು ಹಾಗೇ ಉಳಿದಿವೆ ಎಂದಿಟ್ಟುಕೊಳ್ಳೋಣ. ಹಾಗೇ ಬರೆಯಿರಿ. “17 ಮತ್ತು 18ನೇ ಸಾಲುಗಳಲ್ಲಿ ಹೋದ ತಿಂಗಳ ಅಂಕಿಗಳಿವೆ.” ಇಲ್ಲಿ ಕ್ರಿಯಾಪದವನ್ನು ಗಮನಿಸಿ. ‘ಇವೆ’ ಎಂಬುದು ಕಾಗದದ ಸ್ಥಿತಿ ಹೇಳುತ್ತದೆ. ‘ತಪ್ಪು ಮಾಡಿದ್ದೀರಿ’ ಎಂಬುದು ವ್ಯಕ್ತಿಯ ಬಗ್ಗೆ ಹೇಳುತ್ತದೆ. ಓದಿದವರು ಶೀಟ್ ತೆರೆದು ಆ ಎರಡು ಸಾಲು ನೋಡುತ್ತಾರೆ, ಸರಿಪಡಿಸುತ್ತಾರೆ. ತಾವು ಎಂಥವರು ಎಂದು ವಾದಿಸುವ ಅಗತ್ಯ ಬೀಳುವುದಿಲ್ಲ.

“ಒಂದು ಮಾತು ಹೇಳುವ ಸೌಜನ್ಯವೂ ನಿಮಗಿಲ್ಲ.” ಸೌಜನ್ಯ ಇದೆಯೋ ಇಲ್ಲವೋ ನಿಮಗೆ ಕಾಣುವುದಿಲ್ಲ. ಕಂಡದ್ದು ಇಷ್ಟು: ತಡವಾಗುತ್ತದೆ ಎಂಬ ಸುದ್ದಿ ಬರಲಿಲ್ಲ. ಇಲ್ಲಿ ಸೂಕ್ಷ್ಮವಾದ ಒಂದು ಆಯ್ಕೆ ಇದೆ. “ನೀವು ತಿಳಿಸಲಿಲ್ಲ” ಎಂದು ಬರೆಯಬಹುದು, “ನನಗೆ ಸುದ್ದಿ ಬಂದಿಲ್ಲ” ಎಂದೂ ಬರೆಯಬಹುದು. ಎರಡನೆಯದು ಮೆದುವಾಗಿದೆ ಎಂಬ ಕಾರಣಕ್ಕಲ್ಲ, ಹೆಚ್ಚು ನಿಖರವಾಗಿದೆ ಎಂಬ ಕಾರಣಕ್ಕೆ ಅದನ್ನು ಆರಿಸುತ್ತೇನೆ. ಅವರು ಬೇರೆಯವರ ಮೂಲಕ ಹೇಳಿಕಳಿಸಿರಬಹುದು, ಇಮೇಲ್ ಎಲ್ಲೋ ಸಿಕ್ಕಿಹಾಕಿಕೊಂಡಿರಬಹುದು. ನಿಮಗೆ ಖಚಿತವಾಗಿ ಗೊತ್ತಿರುವುದು ನಿಮ್ಮ ಕಡೆಯ ಅರ್ಧ ಮಾತ್ರ. ಇನ್ನೊಂದನ್ನು ನಿಮ್ಮನ್ನೇ ಕೇಳಿಕೊಳ್ಳಿ: 5ನೇ ತಾರೀಖು ದಾಟಿದ ಮೇಲೆ ನೀವು ಅವರನ್ನು ವಿಚಾರಿಸಿದ್ದಿರಾ? 6ರಂದು ಒಂದು ಇಮೇಲ್ ಬರೆದಿದ್ದರೆ ಅದನ್ನು ಸೇರಿಸಿ. ಬರೆದಿರದಿದ್ದರೆ ಈ ಅಂಶಕ್ಕೆ ಅಷ್ಟು ಭಾರ ಕೊಡಬೇಡಿ, ಯಾಕೆಂದರೆ ಉತ್ತರದಲ್ಲಿ ಅವರು ಮೊದಲು ಎತ್ತುವ ಮಾತು ಅದಾಗಿರುತ್ತದೆ, ಮತ್ತು ಅದು ನ್ಯಾಯವಾದ ಮಾತು.

“ನಿಮ್ಮಿಂದಾಗಿ ನಾನು ತಲೆ ತಗ್ಗಿಸಬೇಕಾಯಿತು.” ಇದು ನಿಮ್ಮ ಕರಡಿನ ಅತ್ಯಂತ ಮುಖ್ಯವಾದ ವಾಕ್ಯ, ಇದರಲ್ಲಿ ತೊಂದರೆಯ ಸುದ್ದಿ ಇದೆ. ಆದರೆ ‘ಇಂದಾಗಿ’ ಎಂಬುದು ಮನುಷ್ಯರಿಗೆ ಅಂಟಿಕೊಂಡಿದೆ. ಅದನ್ನು ಬಿಡಿಸಿ ಘಟನೆಗೆ ಅಂಟಿಸಿ. “ನಿಮ್ಮಿಂದಾಗಿ” ಎಂಬುದು “ಶೀಟ್ 8ರ ಸಂಜೆ ಬಂದದ್ದರಿಂದ” ಎಂದಾಗುತ್ತದೆ. ಪ್ರತ್ಯಯ ಅದೇ, ಕೊಂಡಿ ಬೇರೆ. ಹೀಗೆ ಘಟನೆಗೆ ಕೊಂಡಿ ಹಾಕಿದ ತಕ್ಷಣ ಒಂದು ಒಳ್ಳೆಯ ತೊಂದರೆ ಶುರುವಾಗುತ್ತದೆ: ಕಾರಣದ ಸರಪಳಿಯನ್ನು ಪೂರ್ತಿ ಹೇಳಬೇಕಾಗುತ್ತದೆ. ಶೀಟ್ 8ರ ಸಂಜೆ 6.40ಕ್ಕೆ ಬಂತು. ಸಭೆ 9ರ ಬೆಳಿಗ್ಗೆ 10ಕ್ಕೆ. ನೀವು ಆ ರಾತ್ರಿ 11ರವರೆಗೆ ಕೂತು ವರದಿ ಮುಗಿಸಿದಿರಿ. ಹೋದ ತಿಂಗಳ ಅಂಕಿಗಳ ಜತೆ ತಾಳೆ ನೋಡಲು ಸಮಯವಾಗಲಿಲ್ಲ. ಆದ್ದರಿಂದ ಆ ಎರಡು ಸಾಲುಗಳು ಕಣ್ಣಿಗೆ ಬೀಳಲಿಲ್ಲ. ಅವುಗಳಿಂದ ಮಾಡಿದ ಒಂದು ಗ್ರಾಫ್ ಸರಿಯಿಲ್ಲ ಎಂದು ಸಭೆಯಲ್ಲಿ ಯಾರೋ ಗುರುತಿಸಿದರು. ಅದರ ಮೇಲೆ ಆಗಬೇಕಿದ್ದ ತೀರ್ಮಾನ ಒಂದು ವಾರ ಮುಂದೆ ಹೋಯಿತು.

ಈ ಸರಪಳಿಯಲ್ಲಿ ಒಂದು ಕೊಂಡಿ ನಿಮ್ಮದು: ತಾಳೆ ನೋಡದೆ ಸಭೆಗೆ ಒಯ್ದದ್ದು. ಅದನ್ನು ಬಚ್ಚಿಡಬೇಡಿ. “ತಾಳೆ ನೋಡಲು ಆಗಲಿಲ್ಲ” ಎಂದು ನೀವೇ ಬರೆದರೆ ಉಳಿದ ಕೊಂಡಿಗಳನ್ನು ಓದುವವರು ನಂಬುತ್ತಾರೆ. ಬಚ್ಚಿಟ್ಟರೆ ಅವರು ಆ ಒಂದನ್ನು ಹಿಡಿದುಕೊಂಡು ಉಳಿದ ಎಲ್ಲವನ್ನೂ ಅಲ್ಲಾಡಿಸುತ್ತಾರೆ.

‘ತಲೆ ತಗ್ಗಿಸಬೇಕಾಯಿತು’ ಎಂಬುದರ ಬದಲು ಏನು ಬರೆಯಬೇಕು? ಭಾವನೆ ಹೇಳಬಾರದು ಎಂದಿಲ್ಲ, ಆದರೆ ನಿಜವಾದ ಭಾವನೆಯನ್ನೂ ಭಾವನೆಯ ವೇಷ ಹಾಕಿದ ಆರೋಪವನ್ನೂ ಬೇರ್ಪಡಿಸಿಕೊಳ್ಳಬೇಕು. ಇದಕ್ಕೊಂದು ಉಪಾಯವಿದೆ: ಇನ್ನೊಬ್ಬ ಮನುಷ್ಯನೇ ಇಲ್ಲದಿದ್ದರೂ ಆ ಭಾವನೆ ಇರಬಲ್ಲದೇ? ಮಳೆ ಬಂದು ಕೆಲಸ ಕೆಟ್ಟರೂ ಬೇಸರವಾಗುತ್ತದೆ, ಗಾಬರಿಯಾಗುತ್ತದೆ, ಸುಸ್ತಾಗುತ್ತದೆ. ಆದರೆ ಮಳೆ ನಿಮ್ಮನ್ನು ಕಡೆಗಣಿಸುವುದಿಲ್ಲ, ಮೋಸ ಮಾಡುವುದಿಲ್ಲ. “ಕಡೆಗಣಿಸಿದ ಹಾಗನ್ನಿಸಿತು”, “ಬಳಸಿಕೊಂಡ ಹಾಗನ್ನಿಸಿತು” ಎನ್ನುವಾಗ ಕಡೆಗಣಿಸಿದವರು, ಬಳಸಿಕೊಂಡವರು ಒಬ್ಬರು ವಾಕ್ಯದ ಹಿಂದೆ ನಿಂತಿರುತ್ತಾರೆ. ಅವರು ಯಾರೆಂದು ಓದುವವರಿಗೆ ಚೆನ್ನಾಗಿ ಗೊತ್ತು. ನಿಮ್ಮ ವಿಷಯದಲ್ಲಿ “ನನಗೆ ಮುಜುಗರವಾಯಿತು” ಎಂಬ ಎರಡು ಪದ ಸಾಕು. ಕನ್ನಡದ ಈ ‘ನನಗೆ … ಆಯಿತು’ ಎಂಬ ಕಟ್ಟು ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಭಾವನೆ ನನಗೆ ಆಯಿತು, ಯಾರೂ ಮಾಡಿದ್ದಲ್ಲ.

“ನನ್ನ ಸಮಯಕ್ಕೆ ನಿಮ್ಮಲ್ಲಿ ಬೆಲೆಯೇ ಇಲ್ಲ.” ಇದನ್ನು ಬದಲಾಯಿಸಲು ಹೋಗಬೇಡಿ, ಅಳಿಸಿಬಿಡಿ. ಇದರೊಳಗೆ ಸಂಗತಿ ಇಲ್ಲ. ಇನ್ನೊಬ್ಬರ ಮನಸ್ಸಿನೊಳಗೆ ಕೈಹಾಕಿ ಏನಿದೆ ಎಂದು ಹೇಳುವ ವಾಕ್ಯಗಳನ್ನು ಎಷ್ಟು ತಿದ್ದಿದರೂ ತಟಸ್ಥವಾಗುವುದಿಲ್ಲ. ಕ್ರಿಸ್ ಆರ್ಗಿರಿಸ್ ಎಂಬ ವಿದ್ವಾಂಸರು ಇದನ್ನು ಏಣಿಗೆ ಹೋಲಿಸಿದ್ದರು: ಕೆಳಗಿನ ಮೆಟ್ಟಿಲಲ್ಲಿ ನಾವು ಕಂಡದ್ದು ಇರುತ್ತದೆ, ಅದರಲ್ಲಿ ಕೆಲವನ್ನು ಆರಿಸುತ್ತೇವೆ, ಅರ್ಥ ಹಚ್ಚುತ್ತೇವೆ, ತೀರ್ಮಾನಕ್ಕೆ ಬರುತ್ತೇವೆ, ಮೇಲಿನ ಮೆಟ್ಟಿಲಲ್ಲಿ ನಿಂತು ‘ಅವರು ಇಂಥವರು’ ಎನ್ನುತ್ತೇವೆ. ಹತ್ತುವುದು ಎಷ್ಟು ಬೇಗ ಆಗುತ್ತದೆ ಎಂದರೆ, ಹತ್ತಿದ್ದೇ ಗೊತ್ತಾಗುವುದಿಲ್ಲ. ನಿಮ್ಮ ಐದನೇ ವಾಕ್ಯ ಏಣಿಯ ತುದಿಯಲ್ಲಿದೆ. ಕೆಳಗಿಳಿದರೆ ಸಿಗುವುದು ಮತ್ತೆ ಅದೇ ‘8ರ ಸಂಜೆ 6.40’. ಅದನ್ನು ಆಗಲೇ ಬರೆದಾಗಿದೆ.

“ಇನ್ನು ಮುಂದಾದರೂ ಜವಾಬ್ದಾರಿಯಿಂದ ವರ್ತಿಸಿ.” ಇದನ್ನು ಓದಿ ನಾಳೆ ಬೆಳಿಗ್ಗೆ ಅವರು ಏನು ಮಾಡಬೇಕು? ಯಾವ ಫೈಲ್ ತೆರೆಯಬೇಕು? ಉತ್ತರವಿಲ್ಲ. ಕೋರಿಕೆ ಎಂದರೆ ಮಾಡಿದರೋ ಇಲ್ಲವೋ ಎಂದು ಇಬ್ಬರೂ ನೋಡಿ ಹೇಳಬಹುದಾದ ಕೆಲಸ. “5ರೊಳಗೆ ಆಗುವುದಿಲ್ಲ ಅನ್ನಿಸಿದರೆ 4ರ ಸಂಜೆಯೊಳಗೆ ಒಂದು ಸಾಲು ಬರೆಯಿರಿ, ಅಷ್ಟರಲ್ಲಿ ಆಗಿರುವಷ್ಟನ್ನು ಕಳಿಸಿ.” ಇದು ಕೋರಿಕೆ. ಜವಾಬ್ದಾರಿ ಎಂಬ ಪದ ಇಲ್ಲದೆಯೇ ಜವಾಬ್ದಾರಿ ಎಂದರೆ ಏನು ಎಂದು ಹೇಳಿದ್ದಾಗಿದೆ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ವಿಷಯ. ಮೇಲಿನ ಎಲ್ಲವನ್ನೂ ಮಾಡಿದ ಮೇಲೂ ಕನ್ನಡದ ಕರಡಿನಲ್ಲಿ ಒಂದಿಷ್ಟು ಮುಳ್ಳಿನ ಚೂರುಗಳು ಉಳಿಯುತ್ತವೆ. ಅವು ಪದಗಳಲ್ಲ, ಪದದ ತುದಿಗೆ ಅಂಟಿದ ಒಂದೊಂದು ಸ್ವರ. ‘ತಡವಾಗಿ’ ಮತ್ತು ‘ತಡವಾಗಿಯೇ’ ಎರಡನ್ನೂ ಬಾಯಿಬಿಟ್ಟು ಹೇಳಿನೋಡಿ. ಮೊದಲನೆಯದು ಸಮಯ ಹೇಳುತ್ತದೆ, ಎರಡನೆಯದು ‘ನನಗೆ ಗೊತ್ತಿತ್ತು ಬಿಡಿ’ ಎನ್ನುತ್ತದೆ. ‘ಉತ್ತರ ಬಂದಿಲ್ಲ’ ಸುದ್ದಿ, ‘ಉತ್ತರವೂ ಬಂದಿಲ್ಲ’ ದೂರು, ‘ಉತ್ತರ ಬರಲೇ ಇಲ್ಲ’ ಜಗಳ. ‘ಸೌಜನ್ಯವೂ’ ಎಂಬಲ್ಲಿನ ‘ಊ’ ಬರೆಯದೆ ಬಿಟ್ಟ ಇನ್ನೂ ಹತ್ತು ಕೊರತೆಗಳನ್ನು ಎಳೆದು ತರುತ್ತದೆ. ‘ಮುಂದಾದರೂ’ ಎಂಬಲ್ಲಿನ ‘ಆದರೂ’ ಹಿಂದಿನದೆಲ್ಲ ಹಾಳು ಎಂದು ಸಾರುತ್ತದೆ. ‘ಈ ಸಲವಂತೂ’ ಎಂಬುದು ಪ್ರತಿ ಸಲವೂ ಹೀಗೇ ಎನ್ನುತ್ತದೆ. ‘ಕಳಿಸಿದಿರಿ’ ಎಂಬುದಕ್ಕೆ ‘ಬಿಟ್ಟಿರಿ’ ಸೇರಿಸಿದರೆ, ಹೇಗೋ ಕೈತೊಳೆದುಕೊಂಡರು ಎಂಬ ಅರ್ಥ ಬರುತ್ತದೆ. ‘ಗೋಜಿಗೆ ಹೋಗಲಿಲ್ಲ’, ‘ಕನಿಷ್ಠ ಪಕ್ಷ’, ‘ಪಾಪ’ ಇವೂ ಇದೇ ಬಳಗ.

ಇದಕ್ಕೆ ಪರಿಹಾರ ಸುಲಭ, ಕೊಂಚ ಯಾಂತ್ರಿಕ. ಕರಡಿನಲ್ಲಿರುವ ಒತ್ತಿನ ಪ್ರತಿ -ಏ, -ಊ, ‘ಅಂತೂ’, ‘ಆದರೂ’ಗಳ ಕೆಳಗೆ ಗೆರೆ ಎಳೆಯಿರಿ. ಒಂದೊಂದನ್ನೂ ತೆಗೆದು ಓದಿ. ಸಂಗತಿ ಬದಲಾಗದಿದ್ದರೆ ಅದು ಹೋಗಬೇಕು. ‘17 ಮತ್ತು 18 ಎರಡೂ ಸಾಲು’ ಎಂಬಲ್ಲಿನ ‘ಊ’ ಲೆಕ್ಕಕ್ಕೆ ಬೇಕು, ಉಳಿಯಲಿ. (ಈ ಉತ್ತರದಲ್ಲಿ ನಾನು ಎಷ್ಟು -ಏ ಹಾಕಿದ್ದೇನೆ ಎಂದು ಎಣಿಸಬೇಡಿ, ನಾನು ನಿಮ್ಮ ಮೇಲೆ ದೂರು ಬರೆಯುತ್ತಿಲ್ಲ.)

ಗೌರವದ ಮಾತೂ ಮುಳ್ಳಾಗಬಲ್ಲದು. ದಿನವೂ ‘ನೀವು’ ಎನ್ನುವವರಿಗೆ ಒಂದು ದಿನ ‘ತಾವು’ ಎಂದು ಬರೆದರೆ, ‘ತಮ್ಮ ಅಮೂಲ್ಯ ಸಮಯ’ ಎಂದು ಸೇರಿಸಿದರೆ, ಅದನ್ನು ಯಾರೂ ಗೌರವ ಎಂದು ಓದುವುದಿಲ್ಲ. ಅದೇ ರೀತಿ, ಹೆಸರಿನ ಜತೆ ‘ಅವರೇ’ ಎಂದು ಶುರುಮಾಡುವ ರೂಢಿ ಇಲ್ಲದಿದ್ದರೆ ಇಂದು ಶುರುಮಾಡಬೇಡಿ. ನಿನ್ನೆ ಹೇಗೆ ಕರೆಯುತ್ತಿದ್ದಿರೋ ಇಂದೂ ಹಾಗೇ ಕರೆಯಿರಿ.

ನೀವು ‘ನೀವು’ಗಳನ್ನು ಕಿತ್ತಾಗ ಇನ್ನೊಂದು ಹಳ್ಳಕ್ಕೆ ಬಿದ್ದಿರಬೇಕು ಎಂದು ನನ್ನ ಅನುಮಾನ: “ಅಂಕಿಅಂಶಗಳನ್ನು ತಡವಾಗಿ ಕಳಿಸಲಾಗಿದೆ, ಮುನ್ಸೂಚನೆ ನೀಡಲಾಗಿರುವುದಿಲ್ಲ.” ಕನ್ನಡದಲ್ಲಿ ‘ಲಾಗಿದೆ’ ಎಂದ ಕೂಡಲೇ ಕೇಳಿಸುವುದು ನೋಟಿಸಿನ ದನಿ. ಮಾಡಿದವರ ಹೆಸರನ್ನು ಮುಚ್ಚಿದರೂ ಮಾಡಿದವರು ಯಾರೆಂದು ಓದುವವರಿಗೆ ಗೊತ್ತಿರುತ್ತದೆ, ಮುಚ್ಚಿದ್ದೂ ಗೊತ್ತಾಗುತ್ತದೆ. ನಾನು ಹಿಂದೆ ಒಮ್ಮೆ ಜತೆಗೆ ಕೆಲಸ ಮಾಡುವವರೊಬ್ಬರಿಗೆ ಹೀಗೆ ನಯವಾಗಿ, ಕರ್ತೃವೇ ಇಲ್ಲದ ಐದು ವಾಕ್ಯ ಬರೆದು ಕಳಿಸಿದ್ದೆ. ಅವರು ಅದನ್ನು ಮುದ್ರಿಸಿಕೊಂಡು ನನ್ನ ಮೇಜಿಗೆ ಬಂದು, “ಇದರಲ್ಲಿ ನಾನು ಎಲ್ಲಿದ್ದೇನೆ ತೋರಿಸಿ” ಎಂದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ ಎಂದು ಆಮೇಲೆ ಹೇಳಿದರು. ‘ಸಂಬಂಧಪಟ್ಟವರು’, ‘ಕೆಲವರು’ ಎಂಬುವು ಇದಕ್ಕಿಂತ ಕೆಟ್ಟವು. ಒಬ್ಬರಿಗೆ ಬರೆದ ಇಮೇಲ್‌ನಲ್ಲಿ ‘ಕೆಲವರು’ ಯಾರು?

ಹಾಗಾದರೆ ‘ನೀವು’ ಎಲ್ಲಿ ಇರಬೇಕು? ಕಂಡ ಕೆಲಸದ ಜತೆ, ಕೋರಿಕೆಯ ಜತೆ, ಪ್ರಶ್ನೆಯ ಜತೆ ಧಾರಾಳವಾಗಿ ಇರಲಿ. ಸ್ವಭಾವ, ಉದ್ದೇಶ, ಮನಸ್ಸು ಇವುಗಳ ಜತೆ ಬೇಡ. ಶೀಟ್, ಇಮೇಲ್, ಸಭೆ ಇಂಥ ವಸ್ತುಗಳು ಕರ್ತೃವಾಗಲು ಸಾಧ್ಯವಿದ್ದಲ್ಲಿ ಅವನ್ನು ಮುಂದಿಡಿ. “ಶೀಟ್ ಬಂತು” ಎಂಬುದು ಸಹಜ ಕನ್ನಡ, “ಶೀಟ್ ಕಳಿಸಲ್ಪಟ್ಟಿತು” ಅಲ್ಲ.

ಎಲ್ಲ ಸೇರಿದರೆ ಕರಡು ಹೀಗಾಗುತ್ತದೆ:

“ನಮಸ್ಕಾರ. ಈ ತಿಂಗಳ ಶೀಟ್ 8ರ ಸಂಜೆ 6.40ಕ್ಕೆ ಬಂತು. ನಾವು ಮಾತಾಡಿಕೊಂಡಿದ್ದು 5ನೇ ತಾರೀಖು. 6ರಂದು ನಾನು ಬರೆದ ಇಮೇಲ್‌ಗೆ ಉತ್ತರ ಬಂದಿಲ್ಲ. ಶೀಟ್‌ನ 17 ಮತ್ತು 18ನೇ ಸಾಲುಗಳಲ್ಲಿ ಹೋದ ತಿಂಗಳ ಅಂಕಿಗಳಿವೆ.

ಸಭೆ 9ರ ಬೆಳಿಗ್ಗೆ 10ಕ್ಕೆ ಇದ್ದುದರಿಂದ ಆ ರಾತ್ರಿ 11ರವರೆಗೆ ಕೂತು ವರದಿ ಮುಗಿಸಿದೆ. ತಾಳೆ ನೋಡಲು ನನಗೆ ಆಗಲಿಲ್ಲ. ಆ ಎರಡು ಸಾಲುಗಳಿಂದ ಮಾಡಿದ ಗ್ರಾಫ್ ಸರಿಯಿಲ್ಲ ಎಂದು ಸಭೆಯಲ್ಲಿ ಗೊತ್ತಾಯಿತು, ತೀರ್ಮಾನ ಒಂದು ವಾರ ಮುಂದೆ ಹೋಯಿತು. ನನಗೆ ಮುಜುಗರವಾಯಿತು.

ಮೂರು ತಿಂಗಳ ಹಿಂದಿನವರೆಗೆ ಶೀಟ್ 5ರೊಳಗೆ ಬರುತ್ತಿತ್ತು. ಆಮೇಲಿನ ಮೂರು ತಿಂಗಳು 7, 7, 8ಕ್ಕೆ ಬಂದಿದೆ. ನಿಮ್ಮ ಕಡೆ ಏನಾದರೂ ಬದಲಾಗಿದೆಯೇ? 5ನೇ ತಾರೀಖು ಕಷ್ಟವಾಗುತ್ತಿದ್ದರೆ ಇಬ್ಬರಿಗೂ ಹೊಂದುವ ಬೇರೆ ದಿನ ನೋಡೋಣ. ಸದ್ಯಕ್ಕೆ, 5ರೊಳಗೆ ಆಗುವುದಿಲ್ಲ ಅನ್ನಿಸಿದರೆ 4ರ ಸಂಜೆಯೊಳಗೆ ನನಗೊಂದು ಸಾಲು ಬರೆಯಿರಿ, ಆಗಿರುವಷ್ಟನ್ನು ಕಳಿಸಿ. ಆ ಎರಡು ಸಾಲುಗಳ ಸರಿಯಾದ ಅಂಕಿ ಈ ಗುರುವಾರದೊಳಗೆ ಬೇಕು.”

ಇದು ನಿಮ್ಮ ಮೊದಲ ಕರಡಿಗಿಂತ ಮೆತ್ತಗಿದೆಯೇ? ನನಗೇನೂ ಹಾಗನ್ನಿಸುವುದಿಲ್ಲ. ಮೊದಲನೆಯದರಲ್ಲಿ ತೀರ್ಮಾನ ಮುಂದೆ ಹೋದ ಸುದ್ದಿ ಇರಲಿಲ್ಲ, ರಾತ್ರಿ 11ರ ಸುದ್ದಿ ಇರಲಿಲ್ಲ, ಯಾವ ಸಾಲು ತಪ್ಪು ಎಂದಿರಲಿಲ್ಲ. ತೊಂದರೆ ಈಗ ಹೆಚ್ಚು ಕಾಣುತ್ತಿದೆ. ಅಂದಹಾಗೆ ಮೂರನೇ ಭಾಗದ ಪ್ರಶ್ನೆ ಅಲಂಕಾರಕ್ಕೆ ಹಾಕಿದ್ದಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜಗಳ ಶುರುವಾಗಬಹುದಾದ ಸಂದರ್ಭದ ಮೊದಲ ಮಾತುಗಳನ್ನು ಜನರಿಗೆ ತೋರಿಸಿ, ಯಾವುದಕ್ಕೆ ಎದುರಿನವರು ಸೆಟೆದುಕೊಳ್ಳುತ್ತಾರೆ ಎಂದು ಕೇಳಿದ್ದರು. ‘ನಾನು’ ಎಂದು ಹೇಳುವುದರ ಜತೆಗೆ ನನ್ನ ನೋಟ, ನಿಮ್ಮ ನೋಟ ಎರಡನ್ನೂ ಹೇಳಿದ ಮಾತುಗಳಿಗೆ ಜನ ಅತಿ ಕಡಿಮೆ ಸೆಟೆಯುತ್ತಾರೆ ಎಂಬ ಉತ್ತರ ಬಂತು. ‘ನಾನು’ ಒಂದೇ ಆ ಕೆಲಸ ಪೂರ್ತಿ ಮಾಡಲಿಲ್ಲ.

ಕಳಿಸುವ ಮುಂಚೆ ಕರಡನ್ನು ಜೋರಾಗಿ ಓದಿ, ಅದೂ ನಿಮ್ಮ ಅತ್ಯಂತ ಸಿಟ್ಟಿನ ದನಿಯಲ್ಲಿ. ಬರೆದವರ ಕಿವಿಯಲ್ಲಿ ತಮ್ಮದೇ ದನಿ ಮೊಳಗುತ್ತಿರುತ್ತದೆ, ಓದುವವರಿಗೆ ಅದು ಕೇಳಿಸುವುದಿಲ್ಲ. ಇಮೇಲ್‌ನಲ್ಲಿ ತಮ್ಮ ದನಿ ಎಷ್ಟು ಚೆನ್ನಾಗಿ ತಲುಪುತ್ತದೆ ಎಂಬುದನ್ನು ಜನ ಅತಿಯಾಗಿ ನಂಬುತ್ತಾರೆ ಎಂದು 2005ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದ್ದವು. ಸಿಟ್ಟಿನಲ್ಲಿ ಓದಿದಾಗ “ಜವಾಬ್ದಾರಿಯಿಂದ ವರ್ತಿಸಿ” ಎಂಬುದು ಹೊತ್ತಿಕೊಂಡು ಉರಿಯುತ್ತದೆ. “17 ಮತ್ತು 18ನೇ ಸಾಲುಗಳಲ್ಲಿ ಹೋದ ತಿಂಗಳ ಅಂಕಿಗಳಿವೆ” ಎಂಬುದನ್ನು ಎಷ್ಟು ಕಿರುಚಿ ಹೇಳಿದರೂ ಅದೊಂದು ಸಪ್ಪೆ ವಾಕ್ಯ. ನಮಗೆ ಬೇಕಾದ್ದು ಆ ಸಪ್ಪೆತನ.

ಎಲ್ಲಿ ಕೆಡಬಹುದು ಎಂದೂ ಹೇಳಬೇಕು. ದಿನಾಂಕ ಹುಡುಕುವ ರುಚಿ ಹತ್ತಿದವರು ಎರಡು ವರ್ಷದ ಪಟ್ಟಿ ಮಾಡಿಬಿಡುತ್ತಾರೆ. ಪ್ರತಿ ವಾಕ್ಯವೂ ಸಂಗತಿ, ಆದರೆ ಒಟ್ಟು ಸೇರಿ ಆರೋಪಪಟ್ಟಿ. ಒಂದು ಘಟನೆಯನ್ನು ವಿವರವಾಗಿ, ರೂಢಿಯನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಮತ್ತೊಂದು, ಆಯ್ದ ಸಂಗತಿ. ಮೊದಲ ಮೂರು ತಿಂಗಳು ಸಮಯಕ್ಕೆ ಬಂದಿತ್ತು ಎಂಬುದನ್ನು ಬಿಟ್ಟು ತಡವಾದ ಮೂರನ್ನು ಮಾತ್ರ ಬರೆದಿದ್ದರೆ ಒಂದು ಅಕ್ಷರವೂ ಸುಳ್ಳಾಗುತ್ತಿರಲಿಲ್ಲ, ಆದರೂ ಅದು ವಂಚನೆ. ಇನ್ನು ಮೇಲಧಿಕಾರಿಗೆ ಪ್ರತಿ ಹಾಕುವುದು: ಎಷ್ಟೇ ತಟಸ್ಥವಾಗಿ ಬರೆದಿದ್ದರೂ ಪ್ರತಿಯ ಸಾಲಿನಲ್ಲಿ ಆ ಹೆಸರು ಕಂಡರೆ ಓದುವವರು ಅದನ್ನು ಮೊದಲು ಓದುತ್ತಾರೆ. ಮೊದಲ ಇಮೇಲ್‌ಗೆ ಅದು ಬೇಡ.

ಈ ವಿಧಾನಕ್ಕೆ ಒಂದು ಎಲ್ಲೆಯೂ ಇದೆ. ಕಿರುಕುಳ, ಬೆದರಿಕೆ, ಸುರಕ್ಷತೆಯ ಉಲ್ಲಂಘನೆ ಇಂಥವುಗಳ ಬಗ್ಗೆ ದೂರು ಬರೆಯುವಾಗ “ಶೀಟ್ ಬಂತು” ಎಂಬ ಧಾಟಿ ಸಲ್ಲದು. ಅಲ್ಲಿ ಯಾರು, ಯಾರಿಗೆ, ಯಾವಾಗ, ಯಾವ ಮಾತುಗಳಲ್ಲಿ ಎಂಬುದು ಕರ್ತೃಸಹಿತ ಇರಬೇಕು. ವಿಶೇಷಣಗಳನ್ನು ಅಲ್ಲೂ ಬಿಡಿ, ಕರ್ತೃವನ್ನು ಬಿಡಬೇಡಿ. ಹಾಗೆಯೇ ಇಂಥ ಮೂರು ಇಮೇಲ್ ಬರೆದೂ ಏನೂ ಆಗಲಿಲ್ಲ ಎಂದಾದರೆ ನಾಲ್ಕನೆಯದನ್ನು ಇನ್ನಷ್ಟು ನಯಗೊಳಿಸಿ ಪ್ರಯೋಜನವಿಲ್ಲ. “5ರೊಳಗೆ ಬಾರದಿದ್ದರೆ ವರದಿಯಲ್ಲಿ ಆ ಭಾಗವನ್ನು ಖಾಲಿ ಬಿಟ್ಟು, ಅಂಕಿ ಬಂದಿಲ್ಲ ಎಂದು ನಮೂದಿಸುತ್ತೇನೆ” ಎಂದು ಮುಂದೆ ನೀವು ಏನು ಮಾಡುತ್ತೀರಿ ಎಂಬುದನ್ನು ಬರೆಯಿರಿ. ಅದು ಬೆದರಿಕೆ ಆಗದಿರಬೇಕಾದರೆ ನಿಜವಾಗಿ ಮಾಡುವುದನ್ನು ಮಾತ್ರ ಬರೆಯಬೇಕು.

ಕರಡು ಸರಿಯಾಗಿತ್ತೋ ಇಲ್ಲವೋ ಎಂಬುದು ಬರುವ ಉತ್ತರದಲ್ಲಿ ಗೊತ್ತಾಗುತ್ತದೆ, ಆದರೆ ಉತ್ತರ ಸಿಹಿಯಾಗಿರಬೇಕು ಎಂದೇನಿಲ್ಲ. “8ರಂದಲ್ಲ, ನಾನು 7ರ ರಾತ್ರಿಯೇ ಕಳಿಸಿದ್ದೆ” ಎಂದು ಅವರು ಸಿಡುಕಿದರೆ ಕೆಲಸ ಅರ್ಧ ಆಗಿದೆ. ಇಮೇಲ್ ತೆರೆದು ಇಬ್ಬರೂ ನೋಡಬಹುದು, ತಪ್ಪು ನಿಮ್ಮದಾಗಿದ್ದರೆ ತಿದ್ದಿಕೊಳ್ಳಬಹುದು. “ನಾನು ಬೇಕೆಂದೇ ಮಾಡಿದೆನಾ?” ಎಂದು ಬಂದರೆ ನಿಮ್ಮ ಕರಡಿಗೆ ಮರಳಿ ಹೋಗಿ. ಅವರು ಕೆಟ್ಟವರು ಎಂದು ಹೇಳುವ ಏನೋ ಒಂದು ಅಲ್ಲಿ ಉಳಿದಿರುವ ಸಾಧ್ಯತೆ ಹೆಚ್ಚು. ನನ್ನ ಅನುಭವದಲ್ಲಿ ಅದು ಹಲವು ಸಲ ಸಿಗುವುದು ಯಾರೂ ತಿದ್ದಲು ಹೋಗದ ವಿಷಯದ ಸಾಲಿನಲ್ಲಿ. ನಿಮ್ಮದರಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ‘ಮತ್ತೆ ತಡ’ ಎಂದಿದ್ದರೆ ಅದನ್ನು ‘17, 18ನೇ ಸಾಲಿನ ಅಂಕಿ ಮತ್ತು ಮುಂದಿನ ತಿಂಗಳ ಗಡುವು’ ಎಂದು ಬದಲಾಯಿಸಿ ಕಳಿಸಿ.